ಅಣ್ಣನಿಗೆ ಸೊನ್ನೆ, ತಮ್ಮನಿಗೆ ಮೂರು ಲಕ್ಷ

ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ, ನಿಮ್ಮೂರಿನ ಪೇಟೆಬೀದಿಯಲ್ಲಾಗಲಿ, ಅಂಗಡಿಗಳ ಬೋರ್ಡನ್ನು ಒಮ್ಮೆ ಗಮನವಿಟ್ಟು ನೋಡಿ. ಹೆಸರಿನ ಕೆಳಗೋ ಮೂಲೆಯಲ್ಲೋ ಹದಿನೈದು ಅಕ್ಷರಗಳ ಜಿಎಸ್‌ಟಿ ನಂಬರ್ ಬರೆದಿರುತ್ತದೆ. ಕರ್ನಾಟಕದಲ್ಲಿ ಅದು 29ರಿಂದ ಶುರು. ಆ 29ರ ನಂತರದ ಹತ್ತು ಅಕ್ಷರಗಳು ಅಂಗಡಿಯ ಪ್ಯಾನ್ ನಂಬರ್. ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಬೋರ್ಡಿನ ಮೇಲಿರುವ ನಂಬರಿನ ಆರನೆಯ ಅಕ್ಷರ, ಒಂದು ಗುಟ್ಟನ್ನು ಬಯಲಾಗಿಯೇ ಹೇಳುತ್ತಿರುತ್ತದೆ. ಅಲ್ಲಿ P ಇದ್ದರೆ ಅಂಗಡಿ ಒಬ್ಬ ಮನುಷ್ಯನದು. C ಇದ್ದರೆ ಕಂಪನಿಯದು. ಪಾಲುದಾರಿಕೆ ಸಂಸ್ಥೆಗೆ F, ಹಿಂದೂ ಅವಿಭಕ್ತ ಕುಟುಂಬಕ್ಕೆ H. ಒಂದೇ ಬೀದಿ, ಒಂದೇ ಸರಕು, ಒಂದೇ ಲಾಭ ಇರುವ ಎರಡು ಅಂಗಡಿಗಳ ಆದಾಯ ತೆರಿಗೆ ಎಷ್ಟು ಬೇರೆಯಾಗುತ್ತದೆ ಎಂಬುದಕ್ಕೆ ಆ ಒಂದು ಅಕ್ಷರದಲ್ಲಿ ಉತ್ತರವಿದೆ.

ಇಬ್ಬರು ಸಹೋದರರನ್ನು ಕಲ್ಪಿಸಿಕೊಳ್ಳಿ. ಇವರು ಕಥೆಯವರು, ಆದರೆ ಇವರ ಲೆಕ್ಕ ಕಾನೂನಿನ ಪ್ರಕಾರವೇ ಹಾಕಿದ್ದು. ತಂದೆ ನಡೆಸುತ್ತಿದ್ದ ಹಾರ್ಡ್‌ವೇರ್ ಅಂಗಡಿಯನ್ನು ಅಣ್ಣ ಮುಂದುವರಿಸಿದ. ಬೋರ್ಡಿನಲ್ಲಿ ಹೆಸರಿನ ಮುಂದೆ ‘ಅಂಡ್ ಕಂಪನಿ’ ಎಂದಿದೆ, ತಂದೆಯ ಕಾಲದಿಂದಲೂ. ತಮ್ಮ ಎರಡು ಬೀದಿ ಆಚೆ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟ. ದೊಡ್ಡ ತಯಾರಕರ ಡೀಲರ್‌ಶಿಪ್ ಸಿಗಬೇಕಾದರೆ, ಕಟ್ಟಡ ಕಟ್ಟಿಸುವವರ ದೊಡ್ಡ ಆರ್ಡರ್ ಬರಬೇಕಾದರೆ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಒಳ್ಳೆಯದು ಅಂತ ಯಾರೋ ಹೇಳಿದರು. ಮಾಡಿಸಿದ. ಕಂಪನಿಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಹಾಗಾಗಿ ಹೆಂಡತಿಯ ಹೆಸರನ್ನೂ ಸೇರಿಸಿ ಅವಳಿಗೆ ಒಂದಿಷ್ಟು ಷೇರು ಕೊಟ್ಟ. ಹೆಚ್ಚುಕಡಿಮೆ ಎಲ್ಲ ಷೇರೂ ಇವನದೇ.

2025-26ರ ವರ್ಷದಲ್ಲಿ ಇಬ್ಬರಿಗೂ ಒಂದೂವರೆ ಕೋಟಿ ವ್ಯಾಪಾರ, ಖರ್ಚೆಲ್ಲ ಕಳೆದು ಹನ್ನೆರಡು ಲಕ್ಷ ಲಾಭ. ಇಬ್ಬರಿಗೂ ಆಡಿಟರ್ ಒಬ್ಬರೇ. ಅಣ್ಣನ ರಿಟರ್ನ್ ತಯಾರಾದಾಗ ಕಟ್ಟಬೇಕಾದ ತೆರಿಗೆ ಸೊನ್ನೆ. ತಮ್ಮನ ಕಂಪನಿಯ ತೆರಿಗೆ 3,02,016 ರೂಪಾಯಿ.

“ಸರ್, ಎಲ್ಲೋ ತಪ್ಪಾಗಿದೆ” ಅಂದ ತಮ್ಮ. “ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಟಿವಿಯಲ್ಲಿ ಅಷ್ಟು ಸಲ ಹೇಳಿದರಲ್ಲ?”

“ಹೇಳಿದ್ದು ನಿಜ. ನಿಮ್ಮ ಅಣ್ಣನಂಥವರಿಗೆ ಹೇಳಿದ್ದು. ನಿಮ್ಮ ಕಂಪನಿಗಲ್ಲ.”

ತಪ್ಪೇನೂ ಆಗಿರಲಿಲ್ಲ. ಮೊದಲು ಅಣ್ಣನ ಲೆಕ್ಕ ನೋಡೋಣ. ಹೊಸ ತೆರಿಗೆ ಪದ್ಧತಿಯಲ್ಲಿ ಒಬ್ಬ ಮನುಷ್ಯನ ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆಯೇ ಇಲ್ಲ. ನಾಲ್ಕರಿಂದ ಎಂಟು ಲಕ್ಷದವರೆಗಿನ ಭಾಗಕ್ಕೆ ಶೇ 5, ಅಂದರೆ ಇಪ್ಪತ್ತು ಸಾವಿರ. ಎಂಟರಿಂದ ಹನ್ನೆರಡರವರೆಗೆ ಶೇ 10, ಅಂದರೆ ನಲವತ್ತು ಸಾವಿರ. ಒಟ್ಟು ಅರವತ್ತು ಸಾವಿರ. ಆದಾಯ ಹನ್ನೆರಡು ಲಕ್ಷ ದಾಟದಿದ್ದರೆ ಈ ಅರವತ್ತು ಸಾವಿರವನ್ನೂ ರಿಯಾಯಿತಿಯಾಗಿ ಬಿಟ್ಟುಕೊಡುತ್ತಾರೆ. ಈ ರಿಯಾಯಿತಿ ಇರುವುದು ದೇಶದ ನಿವಾಸಿಯಾದ ಮನುಷ್ಯನಿಗೆ ಮಾತ್ರ.

ಕಂಪನಿಗೆ ಈ ಮೆಟ್ಟಿಲುಗಳೇ ಇಲ್ಲ. ಮೊದಲ ರೂಪಾಯಿಯಿಂದಲೇ ಒಂದೇ ದರ. ತಮ್ಮನ ಕಂಪನಿ ಆರಿಸಿಕೊಂಡ ಪದ್ಧತಿಯಲ್ಲಿ ಅದು ಶೇ 22. ಆ ತೆರಿಗೆಯ ಮೇಲೆ ಶೇ 10 ಸರ್‌ಚಾರ್ಜ್, ಎರಡೂ ಸೇರಿದ ಮೊತ್ತದ ಮೇಲೆ ಶೇ 4 ಸೆಸ್. ಎಲ್ಲ ಸೇರಿ ಲಾಭದ ಶೇ 25.168. ಹನ್ನೆರಡು ಲಕ್ಷಕ್ಕೆ ಅದು ಮೂರು ಲಕ್ಷದ ಮೇಲೆ ಆಗುತ್ತದೆ. ಲಾಭ ಹನ್ನೆರಡು ಸಾವಿರವಾಗಿದ್ದರೂ ಇದೇ ದರ.

ಹೀಗೇಕೆ? ಮನುಷ್ಯನಿಗೆ ಊಟ, ಬಾಡಿಗೆ, ಮಕ್ಕಳ ಫೀಸು, ಕಾಯಿಲೆ ಕಸಾಲೆ ಇರುತ್ತವೆ. ಬದುಕಿಗೆ ಬೇಕಾದಷ್ಟನ್ನು ಬಿಟ್ಟು, ಅದರ ಮೇಲೆ ಗಳಿಸಿದಂತೆಲ್ಲ ದರ ಏರಿಸುವುದು ಅವನ ತೆರಿಗೆಯ ಹಿಂದಿನ ವಿಚಾರ. ಕಂಪನಿಗೆ ಹಸಿವಿಲ್ಲ, ಸಂಸಾರವಿಲ್ಲ. ಅದು ನಡೆಯಲು ಬೇಕಾದ ಖರ್ಚನ್ನೆಲ್ಲ ಕಳೆದ ಮೇಲೆ ಉಳಿದದ್ದನ್ನೇ ಲಾಭ ಅನ್ನುವುದು. ಆದ್ದರಿಂದ ಅದಕ್ಕೆ ವಿನಾಯಿತಿಯ ಮಿತಿಯೂ ಇಲ್ಲ, ಏರುವ ದರವೂ ಇಲ್ಲ.

ತಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. “ಆದರೆ ಕಂಪನಿ ಅಂದರೆ ನಾನೇ ತಾನೆ? ಬೆಳಿಗ್ಗೆ ಶಟರ್ ಎತ್ತುವವನು ನಾನು, ರಾತ್ರಿ ಗಲ್ಲಾ ಎಣಿಸುವವನೂ ನಾನು.” ಅಣ್ಣನಿಗೂ ಇನ್ನೊಂದು ಕಡೆಯಿಂದ ಅದೇ ಗೊಂದಲ. “ಬೋರ್ಡಿನಲ್ಲಿ ಅಂಡ್ ಕಂಪನಿ ಅಂತ ಇರೋದು ನನ್ನ ಅಂಗಡಿಗೆ. ಹಾಗಾದರೆ ನಾನಲ್ಲವಾ ಕಂಪನಿ?”

ಅಣ್ಣನ ಪ್ರಶ್ನೆಗೆ ಉತ್ತರ ಸುಲಭ. ಬೋರ್ಡಿನಲ್ಲಿ ಏನೇ ಬರೆಸಿಕೊಳ್ಳಲಿ, ಟ್ರೇಡರ್ಸ್, ಎಂಟರ್‌ಪ್ರೈಸಸ್, ಅಂಡ್ ಕಂಪನಿ, ಅದರಿಂದ ಕಂಪನಿ ಹುಟ್ಟುವುದಿಲ್ಲ. ಜಿಎಸ್‌ಟಿ ನೋಂದಣಿಯಿಂದಲೂ ಹುಟ್ಟುವುದಿಲ್ಲ, ಬ್ಯಾಂಕಿನ ಕರೆಂಟ್ ಅಕೌಂಟಿನಿಂದಲೂ ಇಲ್ಲ. 2013ರ ಕಂಪನಿಗಳ ಕಾಯ್ದೆಯಡಿ ರಿಜಿಸ್ಟ್ರಾರ್ ಪ್ರಮಾಣಪತ್ರ ಕೊಟ್ಟ ದಿನ ಕಂಪನಿ ಹುಟ್ಟುತ್ತದೆ. ಅದರ ಜೊತೆಗೇ ಅದಕ್ಕೆ ಅದರದೇ ಪ್ಯಾನ್ ಬರುತ್ತದೆ. ಅಣ್ಣನ ಅಂಗಡಿಗೆ ಬೇರೆ ಪ್ಯಾನ್ ಇಲ್ಲ. ಅವನ ಜೇಬಿನಲ್ಲಿರುವ ಪ್ಯಾನ್ ಕಾರ್ಡೇ ಅಂಗಡಿಯದೂ ಹೌದು. ತಮ್ಮನ ಬಳಿ ಎರಡಿವೆ. ಒಂದು ಅವನದು, ಇನ್ನೊಂದು ಕಂಪನಿಯದು.

ಆದಾಯ ತೆರಿಗೆ ಕಾಯ್ದೆ ತೆರಿಗೆ ಹಾಕುವುದು ಅಂಗಡಿಯ ಮೇಲಲ್ಲ, ‘ವ್ಯಕ್ತಿ’ಯ ಮೇಲೆ. ಯಾರು ಯಾರು ವ್ಯಕ್ತಿ ಎಂದು 1961ರ ಕಾಯ್ದೆ ಪಟ್ಟಿ ಕೊಟ್ಟಿತ್ತು. ಮನುಷ್ಯ ಒಬ್ಬ, ಅವಿಭಕ್ತ ಕುಟುಂಬ ಒಂದು, ಕಂಪನಿ ಒಂದು, ಪಾಲುದಾರಿಕೆ ಸಂಸ್ಥೆ ಒಂದು, ಹೀಗೆ. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದರೂ ಈ ಮೂಲ ವಿಚಾರ ಬದಲಾಗಿಲ್ಲ. ತಮ್ಮ ಪ್ರಮಾಣಪತ್ರ ಪಡೆದ ದಿನ, ಕಾನೂನಿನ ಕಣ್ಣಿಗೆ ಆ ಮನೆಯಲ್ಲಿ ಇನ್ನೊಬ್ಬ ವ್ಯಕ್ತಿ ಹುಟ್ಟಿದಂತಾಯಿತು. ಹನ್ನೆರಡು ಲಕ್ಷ ಗಳಿಸಿದ್ದು ಆ ವ್ಯಕ್ತಿ, ತಮ್ಮನಲ್ಲ.

ತಮ್ಮನ ಪ್ರಶ್ನೆಯನ್ನು ಅವನಿಗಿಂತ ನೂರು ವರ್ಷಕ್ಕೂ ಮುಂಚೆ ಲಂಡನ್ನಿನಲ್ಲಿ ಒಬ್ಬ ವ್ಯಾಪಾರಿಯ ವಿಷಯದಲ್ಲಿಯೇ ಕೇಳಲಾಗಿತ್ತು. ಏರನ್ ಸಾಲೊಮನ್ ಬೂಟು ತಯಾರಿಸಿ ಮಾರುತ್ತಿದ್ದವನು. 1892ರಲ್ಲಿ ತನ್ನ ವ್ಯಾಪಾರವನ್ನು ಕಂಪನಿ ಮಾಡಿ ಅದಕ್ಕೇ ಮಾರಿದ. ಒಟ್ಟು 20,007 ಷೇರು. ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳಿಗೆ ಒಂದೊಂದು. ಉಳಿದ 20,001 ಅವನದೇ. ಕಂಪನಿ ಬೇಗನೆ ಮುಳುಗಿತು. ಸಾಲಗಾರರ ಪರವಾಗಿ ವಾದ ಬಂತು: ಈ ಕಂಪನಿ ಅನ್ನುವುದು ಸಾಲೊಮನ್ನನೇ, ಸಾಲವನ್ನು ಅವನೇ ತೀರಿಸಲಿ. ಕೆಳಗಿನ ನ್ಯಾಯಾಲಯಗಳು ಒಪ್ಪಿದವು. ಆದರೆ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ 1896ರ ನವೆಂಬರಿನಲ್ಲಿ ಒಪ್ಪಲಿಲ್ಲ. ಕಾನೂನಿನಂತೆ ನೋಂದಣಿಯಾದ ಮೇಲೆ ಕಂಪನಿ ಬೇರೆ, ಅದರ ಒಡೆಯ ಬೇರೆ. ಬಹುತೇಕ ಎಲ್ಲ ಷೇರೂ ಒಬ್ಬನದೇ ಆಗಿದ್ದರೂ ಅಷ್ಟೇ.

ನಮ್ಮ ಸುಪ್ರೀಂ ಕೋರ್ಟ್ 1954ರಲ್ಲಿ ಇದೇ ಮಾತನ್ನು ತೆರಿಗೆಯ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿ ಹೇಳಿತು. ಬಚಾ ಗುಜ್ದರ್ ಎಂಬ ಮುಂಬಯಿಯ ಮಹಿಳೆಗೆ ಚಹಾ ತೋಟದ ಕಂಪನಿಗಳ ಷೇರುಗಳಿದ್ದವು. ಚಹಾ ಬೆಳೆದು ತಯಾರಿಸುವ ಕಂಪನಿಯ ಆದಾಯದಲ್ಲಿ ಶೇ 60 ಭಾಗವನ್ನು ಕೃಷಿ ಆದಾಯ ಎಂದು ಬಿಟ್ಟು, ಉಳಿದ 40ಕ್ಕೆ ಮಾತ್ರ ಕೇಂದ್ರದ ಆದಾಯ ತೆರಿಗೆ. ಹಾಗಾದರೆ ಅದೇ ಲಾಭದಿಂದ ನನಗೆ ಬಂದ ಡಿವಿಡೆಂಡಿನಲ್ಲೂ ಶೇ 60 ಕೃಷಿ ಆದಾಯವೇ ಅಲ್ಲವೇ ಎಂದು ಅವರು ಕೇಳಿದರು. ನ್ಯಾಯವಾಗಿಯೇ ಕಾಣುವ ಪ್ರಶ್ನೆ. ಕೋರ್ಟ್ ಒಪ್ಪಲಿಲ್ಲ. ತೋಟ ಕಂಪನಿಯದು, ಷೇರುದಾರರದಲ್ಲ. ಅವರಿಗೆ ಬಂದ ಹಣದ ಮೂಲ ಭೂಮಿಯಲ್ಲ, ಷೇರು. ನನಗೆ ತಿಳಿದಂತೆ ಸಣ್ಣ ಕಂಪನಿ ನಡೆಸುವವರು ಅರಿತಿರಲೇಬೇಕಾದ ತೀರ್ಪು ಇದು. ಏಕೆಂದರೆ ಇವರ ಬಹುಪಾಲು ತೊಂದರೆ ಹುಟ್ಟುವುದು ತೆರಿಗೆಯ ದರದಿಂದಲ್ಲ, ಗಲ್ಲಾದಲ್ಲಿರುವುದು ತಮ್ಮದೇ ದುಡ್ಡು ಎಂದು ತಿಳಿಯುವುದರಿಂದ.

ನಮ್ಮ ತಮ್ಮನದೂ ಅದೇ ಕಥೆ. ವರ್ಷವಿಡೀ ಮನೆಖರ್ಚಿಗೆ, ಮಗಳ ಕಾಲೇಜು ಫೀಸಿಗೆ ಅಂತ ಕಂಪನಿಯ ಅಕೌಂಟಿನಿಂದ ಏಳು ಲಕ್ಷ ತೆಗೆದಿದ್ದ. ಅಣ್ಣನೂ ತನ್ನ ಅಂಗಡಿಯಿಂದ ಹೆಚ್ಚುಕಡಿಮೆ ಅಷ್ಟೇ ತೆಗೆದಿದ್ದ. ಅಣ್ಣನ ಪುಸ್ತಕದಲ್ಲಿ ಅದು ಡ್ರಾಯಿಂಗ್ಸ್. ತನ್ನ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಂಡದ್ದು. ಅದರಿಂದ ಅವನ ಲಾಭ ಕಡಿಮೆಯೂ ಆಗುವುದಿಲ್ಲ, ತೆರಿಗೆಯೂ ಬೀಳುವುದಿಲ್ಲ. ತಮ್ಮನ ಪುಸ್ತಕದಲ್ಲಿ ಮಾತ್ರ ಅದು ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಯಿಂದ ಪಡೆದ ಹಣ. ಸಂಬಳವೆಂದು ನಿಗದಿ ಮಾಡಿರಲಿಲ್ಲ, ಡಿವಿಡೆಂಡ್ ಘೋಷಿಸಿರಲಿಲ್ಲ. ಹಾಗಾಗಿ ಅದು ಸಾಲವಾಯಿತು.

ಇಂಥ ಸಾಲಕ್ಕೆ ಕಾನೂನಿನಲ್ಲಿ ಒಂದು ಬಲೆಯಿದೆ. ಪ್ರೈವೇಟ್ ಕಂಪನಿಯೊಂದು ಶೇ 10 ಅಥವಾ ಅದಕ್ಕಿಂತ ಹೆಚ್ಚು ಮತಾಧಿಕಾರವಿರುವ ಷೇರುದಾರನಿಗೆ ಸಾಲ ಕೊಟ್ಟರೆ, ಕಂಪನಿಯಲ್ಲಿ ಕೂಡಿರುವ ಲಾಭದ ಮಟ್ಟಿಗೆ ಆ ಸಾಲವನ್ನೇ ಡಿವಿಡೆಂಡ್ ಎಂದು ಎಣಿಸಿ ಅವನ ಆದಾಯಕ್ಕೆ ಸೇರಿಸುತ್ತಾರೆ. ವಾಪಸ್ ಕಟ್ಟಿಬಿಟ್ಟರೆ ಆಯಿತಲ್ಲ ಅನ್ನಬಹುದು. ಅದೇ ವರ್ಷದೊಳಗೆ ತೀರಿಸಿದರೂ ಅದು ಡಿವಿಡೆಂಡೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಂಪನಿಗಳ ಕಾಯ್ದೆಯೂ ನಿರ್ದೇಶಕರಿಗೆ ಸಾಲ ಕೊಡುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿಗೆ ಒಂದೇ ಹಣಕ್ಕೆ ಎರಡು ಕಾಯ್ದೆಗಳ ತೊಡಕು. ನಿಮ್ಮದೂ ಕಂಪನಿಯಾಗಿದ್ದರೆ ಬ್ಯಾಲೆನ್ಸ್ ಶೀಟ್ ತೆಗೆದು ನಿಮ್ಮ ಹೆಸರು ಎಲ್ಲಿದೆ ನೋಡಿ. ಕಂಪನಿ ನಿಮಗೆ ಕೊಡಬೇಕಾದ ಬಾಕಿಯ ಕಡೆ ಇದ್ದರೆ ಚಿಂತೆಯಿಲ್ಲ. ನಿಮ್ಮಿಂದ ಬರಬೇಕಾದ ಬಾಕಿಯ ಕಡೆ ಇದ್ದರೆ ಆಗಲೇ ಬಲೆಯೊಳಗೆ ಕಾಲಿಟ್ಟಿದ್ದೀರಿ.

“ಆ ಏಳು ಲಕ್ಷವನ್ನು ಈಗ ಸಂಬಳ ಅಂತ ಬರೆದುಬಿಡಿ ಸರ್” ಅಂದ ತಮ್ಮ.

“ಮಾರ್ಚ್ 31 ದಾಟಿತಲ್ಲ. ಹಳೇ ತಾರೀಕು ಹಾಕಿ ನಿರ್ಣಯ ಬರೆದರೆ ಅದು ಸುಳ್ಳು ದಾಖಲೆ. ನಾನು ಸಹಿ ಮಾಡಲ್ಲ. ಈ ವರ್ಷದಿಂದ ಸರಿಯಾಗಿ ಮಾಡಿ.”

ಸರಿಯಾಗಿ ಮಾಡುವುದು ಎಂದರೆ ಏನು? ಕಂಪನಿ ಬೇರೆ ವ್ಯಕ್ತಿ ಎಂಬ ಮಾತು ತಮ್ಮನಿಗೆ ಅನುಕೂಲವಾಗುವುದು ಇಲ್ಲಿ. ಅಣ್ಣ ತನಗೆ ತಾನೇ ಸಂಬಳ ಕೊಟ್ಟುಕೊಳ್ಳಲಾರ, ತನ್ನ ಸ್ವಂತ ಕಟ್ಟಡಕ್ಕೆ ತಾನೇ ಬಾಡಿಗೆ ಕಟ್ಟಿಕೊಳ್ಳಲಾರ. ತಮ್ಮ ಎರಡನ್ನೂ ಪಡೆಯಬಹುದು. ವರ್ಷದ ಶುರುವಿನಲ್ಲೇ ನಿರ್ದೇಶಕರ ಮಂಡಳಿಯ ಸಭೆಯಲ್ಲಿ ನಿರ್ಣಯ ಮಾಡಿ ತಿಂಗಳ ಸಂಬಳ ನಿಗದಿಪಡಿಸಬೇಕು, ಅದನ್ನು ಬ್ಯಾಂಕಿನ ಮೂಲಕವೇ ಪಡೆಯಬೇಕು, ತೆರಿಗೆ ಕಡಿತ ಬಂದರೆ ಮಾಡಬೇಕು. ಆಗ ಸಂಬಳ ಕಂಪನಿಗೆ ಖರ್ಚು, ತಮ್ಮನಿಗೆ ಆದಾಯ. ಹೋದ ವರ್ಷ ಹತ್ತು ಲಕ್ಷ ಸಂಬಳ ಪಡೆದಿದ್ದರೆ ಕಂಪನಿಗೆ ಉಳಿಯುತ್ತಿದ್ದ ಲಾಭ ಎರಡು ಲಕ್ಷ, ಅದರ ತೆರಿಗೆ 50,336. ಸಂಬಳದಾರನಾಗಿ ತಮ್ಮನಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಆದಾಯ 9.25 ಲಕ್ಷ. ಅಣ್ಣನಿಗೆ ಸಿಕ್ಕ ರಿಯಾಯಿತಿ ಅವನಿಗೂ ಸಿಕ್ಕು ತೆರಿಗೆ ಸೊನ್ನೆ. ಮೂರು ಲಕ್ಷದ ಜಾಗದಲ್ಲಿ ಐವತ್ತು ಸಾವಿರ. ಇದರಲ್ಲಿ ಮೋಸವಿಲ್ಲ. ನಿಜವಾಗಿ ದುಡಿಯುವವನು ದುಡಿಮೆಗೆ ತಕ್ಕ ಸಂಬಳ ಪಡೆಯುವುದು ಅಷ್ಟೇ. ಕೆಲಸಕ್ಕೆ ಮೀರಿದ ಸಂಬಳವೆಂದು ಅಧಿಕಾರಿಗೆ ಕಂಡರೆ ಹೆಚ್ಚಿನ ಭಾಗವನ್ನು ಖರ್ಚೆಂದು ಒಪ್ಪದಿರುವ ಅಧಿಕಾರ ಇದೆ. ಅಂಗಡಿಗೆ ಕಾಲಿಡದ ಹೆಂಡತಿಯ ಹೆಸರಿನಲ್ಲಿ ಸಂಬಳ ಬರೆಯುವವರು ಸಿಕ್ಕಿಬೀಳುವುದು ಇಲ್ಲೇ.

ಇದನ್ನು ಕೇಳಿ ಅಣ್ಣನಿಗೆ ಆಸೆಯಾಯಿತು. ತಾನೂ ಕಂಪನಿ ಮಾಡಿದರೆ ಹೇಗೆ? ಆಡಿಟರ್ ಬೇಡವೆಂದರು. ಅವನಿಗೆ ಈಗ ತೆರಿಗೆಯೇ ಇಲ್ಲ, ಇಲ್ಲದ್ದನ್ನು ಉಳಿಸುವುದೇನು? ಜೊತೆಗೆ ಅವನಿಗಿರುವ ಒಂದು ದೊಡ್ಡ ಸೌಕರ್ಯ ಕೈಬಿಡುತ್ತದೆ. ಎರಡು ಕೋಟಿಯೊಳಗೆ ವ್ಯಾಪಾರವಿರುವ ಅಂಗಡಿಗಾರ ನಗದು ವ್ಯಾಪಾರದ ಶೇ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರ ಶೇ 6ರಷ್ಟನ್ನಾದರೂ ಲಾಭವೆಂದು ತೋರಿಸಿದರೆ ಸಾಕು, ವಿವರವಾದ ಲೆಕ್ಕಪುಸ್ತಕ ಇಡಬೇಕೆಂಬ, ಆಡಿಟ್ ಮಾಡಿಸಬೇಕೆಂಬ ಒತ್ತಾಯವಿಲ್ಲ. ನಗದು ಶೇ 5 ಮೀರದಿದ್ದರೆ ಈ ಮಿತಿ ಮೂರು ಕೋಟಿ. ಅಣ್ಣನ ವ್ಯಾಪಾರ ಅರ್ಧ ನಗದು, ಅರ್ಧ ಯುಪಿಐ ಎಂದಿಟ್ಟುಕೊಂಡರೆ ಕನಿಷ್ಠ ಹತ್ತೂವರೆ ಲಕ್ಷ ತೋರಿಸಬೇಕು. ನಿಜವಾದ ಲಾಭ ಹನ್ನೆರಡು ಇದ್ದುದರಿಂದ ಅವನು ಹನ್ನೆರಡನ್ನೇ ತೋರಿಸಿದ. ಕಂಪನಿಗೆ ಈ ಸೌಕರ್ಯ ಇಲ್ಲ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಅದರ ಲೆಕ್ಕಕ್ಕೆ ಪ್ರತಿವರ್ಷ ಚಾರ್ಟರ್ಡ್ ಅಕೌಂಟೆಂಟ್ ಆಡಿಟ್ ಆಗಲೇಬೇಕು. ರಿಜಿಸ್ಟ್ರಾರ್‌ಗೆ ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನೂ ವಾರ್ಷಿಕ ರಿಟರ್ನನ್ನೂ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ ನೂರು ರೂಪಾಯಿ, ಅದಕ್ಕೆ ಮಿತಿಯಿಲ್ಲ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. ಉತ್ಸಾಹದಿಂದ ಕಂಪನಿ ಮಾಡಿಸಿ, ವ್ಯಾಪಾರ ನಡೆಯದೆ ಅದನ್ನು ಮರೆತುಬಿಟ್ಟವರಿಗೆ ಬರುವ ಪೆಟ್ಟು ಇದು.

ನಷ್ಟದ ವಿಷಯದಲ್ಲೂ ವ್ಯತ್ಯಾಸವಿದೆ. ಅಣ್ಣನಿಗೆ ಅಂಗಡಿಯಲ್ಲಿ ಮೂರು ಲಕ್ಷ ನಷ್ಟವಾದರೆ ಅದನ್ನು ತನ್ನ ಮನೆಯ ಬಾಡಿಗೆ ಆದಾಯದಲ್ಲಿ ಅದೇ ವರ್ಷ ಕಳೆದುಕೊಳ್ಳಬಹುದು. ತಮ್ಮನ ಕಂಪನಿಯ ನಷ್ಟ ಕಂಪನಿಯಲ್ಲೇ ಉಳಿಯುತ್ತದೆ. ಮುಂದಿನ ಎಂಟು ವರ್ಷದೊಳಗೆ ಕಂಪನಿಗೆ ವ್ಯಾಪಾರದಲ್ಲಿ ಲಾಭ ಬಂದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಕಂಪನಿ ಯಾರಿಗೆ? ಲಾಭ ಐವತ್ತು ಲಕ್ಷಕ್ಕೆ ಏರಿದ ಒಂದು ವರ್ಷವನ್ನು ಅದೇ ದರಗಳಲ್ಲಿ ಲೆಕ್ಕ ಹಾಕೋಣ. ಇಪ್ಪತ್ನಾಲ್ಕು ಲಕ್ಷ ದಾಟಿದ ಮೇಲೆ ಮನುಷ್ಯನ ದರ ಶೇ 30. ಅಣ್ಣನ ತೆರಿಗೆ ಸೆಸ್ ಸೇರಿ 11.23 ಲಕ್ಷ ಆಗುತ್ತದೆ. ತಮ್ಮ ಇಪ್ಪತ್ತು ಲಕ್ಷ ಸಂಬಳ ಪಡೆದು ಮೂವತ್ತು ಲಕ್ಷವನ್ನು ಕಂಪನಿಯ ಲಾಭವಾಗಿ ಬಿಟ್ಟರೆ ಅವನ ತೆರಿಗೆ 1.92 ಲಕ್ಷ, ಕಂಪನಿಯದು 7.55 ಲಕ್ಷ, ಒಟ್ಟು 9.47 ಲಕ್ಷ. ಅಣ್ಣನಿಗಿಂತ ಒಂದೂಮುಕ್ಕಾಲು ಲಕ್ಷ ಕಡಿಮೆ.

ಆದರೆ ತೆರಿಗೆ ಕಟ್ಟಿ ಕಂಪನಿಯಲ್ಲಿ ಉಳಿದ ಸುಮಾರು ಇಪ್ಪತ್ತೆರಡೂವರೆ ಲಕ್ಷವನ್ನು ಅದೇ ವರ್ಷ ಡಿವಿಡೆಂಡ್ ಆಗಿ ಮನೆಗೆ ತಂದರೆ? 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪಡೆದವನ ಆದಾಯಕ್ಕೇ ಸೇರುತ್ತದೆ. ತಮ್ಮನ ಸ್ವಂತ ತೆರಿಗೆ 1.92 ಲಕ್ಷದಿಂದ 8.64 ಲಕ್ಷಕ್ಕೆ ನೆಗೆಯುತ್ತದೆ. ಕಂಪನಿಯದನ್ನೂ ಸೇರಿಸಿದರೆ 16.19 ಲಕ್ಷ. ಒಂದೇ ಲಾಭಕ್ಕೆ ಎರಡು ಸಲ ತೆರಿಗೆ ಬಿದ್ದಂತೆ ಅವನಿಗೆ ಅನ್ನಿಸುತ್ತದೆ, ಅದು ಸಹಜ. ಕಾನೂನು ಮಾತ್ರ ಇಬ್ಬರು ವ್ಯಕ್ತಿಗಳ ಎರಡು ಆದಾಯವೆಂದೇ ನೋಡುತ್ತದೆ. ಚಹಾ ತೋಟದ ತೀರ್ಪಿನ ತರ್ಕವೂ ಇದೇ.

ಆದ್ದರಿಂದ ಆಡಿಟರ್ ಅಣ್ಣನಿಗೆ ಲಾಭ ಎಷ್ಟೆಂದು ಕೇಳಲಿಲ್ಲ. ಮನೆಖರ್ಚೆಲ್ಲ ಕಳೆದು ಅಂಗಡಿಯಲ್ಲೇ ಎಷ್ಟು ಬಿಡುತ್ತೀರಿ ಎಂದು ಕೇಳಿದರು. ಹೊಸ ಗೋಡೌನಿಗೆ, ಹೆಚ್ಚಿನ ಸರಕಿಗೆ, ಇನ್ನೊಂದು ಶಾಖೆಗೆ ಅಂತ ವರ್ಷಗಟ್ಟಲೆ ಹಣ ಒಳಗೇ ಇರುವುದಾದರೆ ಕಂಪನಿಯ ದರ ನೆರವಾಗುತ್ತದೆ. ಗಳಿಸಿದ್ದೆಲ್ಲ ಮನೆಗೆ ಬೇಕು ಅನ್ನುವವರಿಗೆ ನೆರವಾಗುವುದಿಲ್ಲ. ಸಾಲದ ಹೊಣೆ ಕಂಪನಿಗೇ ಸೀಮಿತ ಎಂಬ ಭರವಸೆಯನ್ನೂ ಅಳೆದು ನೋಡಬೇಕು. ಸಣ್ಣ ಕಂಪನಿಗೆ ಸಾಲ ಕೊಡುವ ಬ್ಯಾಂಕ್ ಸಾಮಾನ್ಯವಾಗಿ ನಿರ್ದೇಶಕರ ಸ್ವಂತ ಜಾಮೀನನ್ನೂ ಬರೆಸಿಕೊಳ್ಳುತ್ತದೆ. ಪ್ರೈವೇಟ್ ಕಂಪನಿಯಿಂದ ಆದಾಯ ತೆರಿಗೆ ವಸೂಲಿಯಾಗದಿದ್ದರೆ, ಅದು ತಮ್ಮ ನಿರ್ಲಕ್ಷ್ಯದಿಂದ ಆದದ್ದಲ್ಲ ಎಂದು ತೋರಿಸಲಾಗದ ನಿರ್ದೇಶಕರ ಮೇಲೆಯೇ ಇಲಾಖೆ ಬರಬಹುದು.

ಅಣ್ಣ ಸದ್ಯಕ್ಕೆ ಹಾಗೇ ಇರಲು ತೀರ್ಮಾನಿಸಿದ. ಮುಂದೊಂದು ದಿನ ಮಗ ವ್ಯಾಪಾರಕ್ಕೆ ಬಂದು ಅಂಗಡಿ ಬೆಳೆದರೆ ದಾರಿ ಇದ್ದೇ ಇದೆ. ಅಂಗಡಿಯ ಆಸ್ತಿ, ಸಾಲ ಎಲ್ಲವನ್ನೂ ಕಂಪನಿಗೆ ವರ್ಗಾಯಿಸಿ, ಬದಲಿಗೆ ಷೇರು ಬಿಟ್ಟು ಬೇರೇನನ್ನೂ ಪಡೆಯದೆ, ಐದು ವರ್ಷ ಕನಿಷ್ಠ ಅರ್ಧದಷ್ಟು ಮತಾಧಿಕಾರ ಉಳಿಸಿಕೊಂಡರೆ ಆ ವರ್ಗಾವಣೆಗೆ ಬಂಡವಾಳ ಲಾಭದ ತೆರಿಗೆ ಇಲ್ಲ. ತಮ್ಮ ಹಿಂದಕ್ಕೆ ಬರುವುದು ಅಷ್ಟು ಸಲೀಸಲ್ಲ. ಕಂಪನಿಯನ್ನು ಮುಚ್ಚಿ ಅದೇ ಅಂಗಡಿಯನ್ನು ತನ್ನ ಹೆಸರಿನಲ್ಲಿ ನಡೆಸಬೇಕೆಂದರೆ, ಕಪಾಟಿನಲ್ಲಿರುವ ಒಂದೊಂದು ಸ್ವಿಚ್ಚನ್ನೂ ವೈರಿನ ಸುರುಳಿಯನ್ನೂ ಅವನು ತನ್ನದೇ ಕಂಪನಿಯಿಂದ ಕೊಂಡುಕೊಳ್ಳಬೇಕಾಗುತ್ತದೆ.